ಎಂಟು ತಲೆ ಎತ್ತರದ ಟೀಚರ್: ಪಂಚಮಿ ಉಡುಪಿನ ಒಂದು ಪ್ರಕರಣ

ಕಲಬುರಗಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಇಟ್ಟುಕೊಂಡು ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು ನಾನು. ಈಗೀಗ ಗಿರಾಕಿಗಳು ಅಳತೆಯ ಬಟ್ಟೆಗಿಂತ ಮೊದಲು ಮೊಬೈಲ್ ತೋರಿಸುತ್ತಾರೆ. ಮೊದಲು ಅದರಲ್ಲಿ ಯಾರೋ ನಟಿಯ ಫೋಟೋ ಇರುತ್ತಿತ್ತು. ಈಗ ಅವರದೇ ಫೋಟೋ ಇರುತ್ತದೆ, ಮೈಮೇಲೆ ಇನ್ನೂ ಹೊಲಿಯದ ಬಟ್ಟೆ ಹಾಕಿಕೊಂಡಿರುತ್ತಾರೆ. ಆ್ಯಪ್‌ಗೆ ಒಂದು ಫೋಟೋ ಕೊಟ್ಟು ಹತ್ತು ಥರದ ಉಡುಪು ತೊಡಿಸಿ ನೋಡಿ, ಅದರಲ್ಲಿ ಒಂದನ್ನು ಆರಿಸಿ, ‘ಇದನ್ನ ಹೊಲೀರಿ’ ಅನ್ನುತ್ತಾರೆ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಪ್ರಕರಣ. ಗಿರಾಕಿಯ ಒಪ್ಪಿಗೆ ಕೇಳಿದ್ದೇನೆ, ಹೆಸರು ಓಣಿ ಬಿಟ್ಟಿದ್ದೇನೆ. ಟೀಚರ್ ಅಂತ ಕರೆಯುತ್ತೇನೆ. ಅಳತೆಗಳನ್ನು ಮಾತ್ರ ಇದ್ದ ಹಾಗೇ ಕೊಟ್ಟಿದ್ದೇನೆ, ಅವಿಲ್ಲದೆ ಈ ಕಥೆ ನಿಲ್ಲುವುದಿಲ್ಲ.

ಸೀರೆ ಮತ್ತು ಖಣ

ಟೀಚರಿಗೆ ನಾಲ್ವತ್ತು ದಾಟಿದೆ. ಎತ್ತರ 5 ಅಡಿ 2 ಇಂಚು, ಎದೆ 42, ಸೊಂಟ 39. ನಾಗರ ಪಂಚಮಿಗೆ ತವರಿಗೆ, ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಬೇವಿನ ಮರಕ್ಕೆ ಇವತ್ತಿಗೂ ಜೋಕಾಲಿ ಕಟ್ಟುತ್ತಾರೆ, ಇವರು ಇವತ್ತಿಗೂ ನಿಂತೇ ಜೀಕುತ್ತಾರೆ. ಹಬ್ಬಕ್ಕೆ 17 ದಿನ ಇರುವಾಗ ಒಂದು ಗಂಟು ತಂದಿಟ್ಟರು. ಅದರಲ್ಲಿ ತೀರಿಕೊಂಡ ತಾಯಿಯ ಒಂದು ಇಳಕಲ್ಲ ಸೀರೆ, ಅಣ್ಣ ಹೋದ ವರ್ಷ ಕೊಟ್ಟ 2 ಮೀಟರ್ ಹಸಿರು ಖಣ. ಎರಡನ್ನೂ ಸೇರಿಸಿ ಏನಾದರೂ ಹೊಲಿಯಬೇಕು, ಸೀರೆಯಲ್ಲದ್ದು, ಆದರೆ ನೋಡಿದವರಿಗೆ ಅವ್ವನ ಸೀರೆ ಅಂತ ಗೊತ್ತಾಗಬೇಕು. ಏನು ಹೊಲಿಯಬೇಕು ಅಂತ ಕೇಳಿದರೆ, ‘ಮಗಳು ಮೊಬೈಲ್‌ದಾಗ ತೆಗೀತಾಳ್ರಿ, ನೋಡಿ ಹೇಳ್ತೀನಿ’ ಅಂದರು.

ಬಟ್ಟೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಮುಂದೆ ಎಲ್ಲ ಜಗಳ ಅದರದ್ದೇ. ಸೀರೆ ಬಿಚ್ಚಿ ಟೇಪು ಹಿಡಿದೆ. ಉದ್ದ ಆರು ವಾರ, ಅಂದರೆ 216 ಇಂಚು, ಅದರಲ್ಲಿ ಸೆರಗು 36. ಪನ್ನ, ಅಂದರೆ ಬಟ್ಟೆಯ ಅಗಲ, 46 ಇಂಚು, ಅದರಲ್ಲಿ ಎರಡೂ ಕಡೆ ನಾಲ್ಕು ನಾಲ್ಕು ಇಂಚಿನ ದಡಿ. ಕೆಳಗಿನ ದಡಿ ನೆಲಕ್ಕೆ ತಿಕ್ಕಿ ತಿಕ್ಕಿ ಬಣ್ಣ ಕಳೆದುಕೊಂಡು ಅಲ್ಲಲ್ಲಿ ಎಳೆ ಬಿಟ್ಟಿತ್ತು. ಮೇಲಿನ ದಡಿ ಸೊಂಟದಲ್ಲಿ ಅಡಗಿಕೊಂಡು ಹೊಸದರ ಹಾಗೆ ಉಳಿದಿತ್ತು. ಒಡಲು ಎರಡು ಬಣ್ಣದ ನೂಲಿನದು, ಬೆಳಕಿಗೆ ಹಿಡಿದರೆ ಒಂದು ಸಲ ಹಸಿರು, ಒಂದು ಸಲ ನೀಲಿ. ಖಣದ ಪನ್ನ 31 ಇಂಚು, ಅದಕ್ಕೂ ಎರಡೂ ಕಡೆ ದಡಿ. ಅದು ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ, ದಡಿ ತೋಳಿನ ತುದಿಗೆ ಬರಲಿ ಅಂತ.

ಎರಡರಲ್ಲೂ ದಡಿ ಬಟ್ಟೆಯ ಉದ್ದಕ್ಕೆ ಓಡುತ್ತದೆ. ಹಾಗಾಗಿ ದಡಿ ಉಡುಪಿನ ಕೆಳತುದಿಗೆ ಬರಬೇಕಾದರೆ ಬಟ್ಟೆಯನ್ನು ಅಡ್ಡ ಹಿಡಿದು ಕತ್ತರಿಸಬೇಕು, ಆಗ ಉಡುಪಿನ ಉದ್ದಕ್ಕೆ ಸಿಗುವುದು ಪನ್ನ ಮಾತ್ರ. ಸೀರೆಯಲ್ಲಿ 46 ಇಂಚು. ಸವೆದ ದಡಿ ತೆಗೆದರೆ 42. ಖಣದಲ್ಲಿ 31. ಹೊಲಿಯುವವರಿಗೆ ಇದು ಕೈಗೆ ಗೊತ್ತಿರುವ ವಿಷಯ. ಆ್ಯಪ್‌ಗೆ ಗೊತ್ತಿಲ್ಲ, ಅದರ ಹತ್ತಿರ ಬಟ್ಟೆ ಎಷ್ಟಾದರೂ ಇದೆ.

ಒಂಬತ್ತು ಚಿತ್ರ, ಒಂಬತ್ತು ಹೆಂಗಸರು

ನಾಲ್ಕು ದಿನ ಬಿಟ್ಟು ಒಂಬತ್ತು ಚಿತ್ರ ಬಂದವು. ಒಂದರಲ್ಲಿ ಟೀಚರ್ ದೀಪದ ಸಾಲಿನ ಮುಂದೆ ನಿಂತಿದ್ದರು, ಇನ್ನೊಂದರಲ್ಲಿ ಯಾವುದೋ ಕೋಟೆಯ ಮೆಟ್ಟಿಲ ಮೇಲೆ ಹೊರಳಿ ನೋಡುತ್ತಿದ್ದರು. ಐದನೇ ಚಿತ್ರದ ಮೇಲೆ ಅವರ ಮನಸ್ಸು ಕೂತಿತ್ತು. ಪಾದ ಮುಟ್ಟುವ ಗೌನು, ಕೆಳತುದಿಗೆ ಅಗಲ ದಡಿ, ಎದೆಯ ಮೇಲೆ ಖಣ, ಹೆಗಲ ಮೇಲೆ ಸೆರಗನ್ನೇ ದುಪಟ್ಟಾದ ಹಾಗೆ ಇಳಿಬಿಟ್ಟಿದ್ದು. ಚಂದ ಇತ್ತು, ಸುಳ್ಳೇಕೆ ಹೇಳಲಿ. ಕತ್ತರಿ ಕೈಗೆ ತೆಗೆದುಕೊಳ್ಳುವುದರಲ್ಲಿದ್ದೆ.

ತಡೆದದ್ದು ಒಂದು ಸಣ್ಣ ಅನುಮಾನ. ಚಿತ್ರದಲ್ಲಿ ಭುಜದ ಹೊಲಿಗೆ ಎಲ್ಲಿ ಬಂದಿದೆ ಅಂತ ನೋಡುತ್ತಿದ್ದೆ. ಆ ಭುಜ ನಾನು ಅಳೆದ ಭುಜ ಅಲ್ಲ ಅನ್ನಿಸಿತು. ಮೊಬೈಲ್ ಮೇಲೆ ಕಾಗದದ ಪಟ್ಟಿ ಇಟ್ಟು ಗದ್ದದಿಂದ ನೆತ್ತಿಯವರೆಗೆ ಒಂದು ಗುರುತು ಹಾಕಿದೆ. ಅದೇ ಪಟ್ಟಿಯಿಂದ ಎತ್ತರ ಅಳೆದೆ. ಮಗಳು ಮೊದಲು ಕೊಟ್ಟಿದ್ದ ನಿಜವಾದ ಫೋಟೋದಲ್ಲಿ ಟೀಚರ್ ಏಳು ತಲೆ ಎತ್ತರ ಇದ್ದರು. ಐದನೇ ಚಿತ್ರದಲ್ಲಿ ಎಂಟು. ಲೆಕ್ಕ ಹಾಕಿದರೆ 5 ಅಡಿ 2 ಇಂಚಿನ ಹೆಂಗಸು ಹೆಚ್ಚುಕಡಿಮೆ 5 ಅಡಿ 11 ಇಂಚು ಆಗಿದ್ದರು. ಒಂದು ತೋಳಿನಿಂದ ಇನ್ನೊಂದು ತೋಳಿನವರೆಗಿನ ಅಗಲ ಫೋಟೋದಲ್ಲಿ ಎರಡು ತಲೆ, ಚಿತ್ರದಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಮೈಬಣ್ಣವೂ ಒಂದು ಛಾಯೆ ತಿಳಿಯಾಗಿತ್ತು. ಮುಖ ಮಾತ್ರ ಅವರದೇ, ಅದೇ ಮೋಸ. ಮುಖ ಗುರುತು ಸಿಕ್ಕಿತು ಅಂದಕೂಡಲೇ ಕೆಳಗಿನದೆಲ್ಲ ನಮ್ಮದೇ ಅಂತ ಕಣ್ಣು ಒಪ್ಪಿಕೊಂಡುಬಿಡುತ್ತದೆ.

ಒಂಬತ್ತಕ್ಕೂ ಹೀಗೇ ಪಟ್ಟಿ ಇಟ್ಟೆ. ಏಳು ತಲೆಯ ಹೆಂಗಸು ಎರಡರಲ್ಲಿ ಮಾತ್ರ ಇದ್ದಳು.

ಟೀಚರಿಗೆ ಹೇಳುವುದು ಹೇಗೆ ಅಂತ ಯೋಚಿಸಿದೆ. ನೀವು ಹೀಗಿಲ್ಲ ಅಂದರೆ ಯಾರಿಗಾದರೂ ಚುಚ್ಚುತ್ತದೆ. ಪಟ್ಟಿಯನ್ನೇ ಅವರ ಕೈಗೆ ಕೊಟ್ಟೆ. ಅಳೆದರು, ಇನ್ನೊಂದು ಸಲ ಅಳೆದರು, ಆಮೇಲೆ ನಕ್ಕರು. ‘ಇದರಾಗ ನಾ ಎಲ್ಲಿದ್ದೀನ್ರಿ? ಇಕಿ ನಮ್ಮ ತಂಗಿನೂ ಅಲ್ಲ.’ ಮಗಳಿಗೆ ಕೋಪ ಬಂತು. ‘ಮಮ್ಮಿ, ನೀನs ಇದ್ದಿ, ಸ್ವಲ್ಪ ಚಂದ ಮಾಡ್ಯದ ಅಷ್ಟ.’ ನಾನು ಅಂದೆ, ‘ಚಂದ ಮಾಡಲಿ ಬಿಡವ್ವಾ, ಆದ್ರ ನಾ ಹೊಲಿಯೋದು ಇವರಿಗೆ.’

ಮಗಳ ಹತ್ತಿರ ಕೂತು ಹೇಗೆ ಮಾಡಿದಳು ಅಂತ ಒಂದೊಂದಾಗಿ ಕೇಳಿದೆ. ಮೂರು ತಪ್ಪು ಸಿಕ್ಕವು. ಕೊಟ್ಟ ಫೋಟೋದಲ್ಲಿ ಟೀಚರ್ ಸಡಿಲವಾಗಿ ಸೀರೆ ಉಟ್ಟಿದ್ದರು. ಸೆರಗಿನ ಕೆಳಗೆ ಮೈ ಹೇಗಿದೆ ಅಂತ ಆ್ಯಪ್‌ಗೆ ಕಾಣುವುದಿಲ್ಲ, ಅದು ಊಹಿಸುತ್ತದೆ, ಅದರ ಊಹೆ ಯಾವಾಗಲೂ ತೆಳ್ಳಗಿನವರ ಕಡೆಗೇ ವಾಲುತ್ತದೆ. ಎರಡನೆಯದು, ಒಂದು ಚಿತ್ರ ಬಂದ ಮೇಲೆ ಅದನ್ನೇ ಮತ್ತೆ ಕೊಟ್ಟು ‘ಈಗ ತೋಳು ಬದಲಿಸು, ಈಗ ಬಣ್ಣ ಬದಲಿಸು’ ಅಂದಿದ್ದಳು. ಪ್ರತಿ ಸಲ ಮೈ ಒಂದಿಷ್ಟು ಜಾರುತ್ತದೆ, ನಾಲ್ಕನೇ ಸಲಕ್ಕೆ ಬೇರೆಯವರೇ ಆಗುತ್ತಾರೆ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಮೂರನೆಯದು, ಸೀರೆಯ ಫೋಟೋ ಕೊಟ್ಟಿರಲೇ ಇಲ್ಲ, ‘ಇಳಕಲ್ ಸೀರೆ’, ‘ಖಣ’ ಅಂತ ಬರೀ ಹೆಸರು ಬರೆದಿದ್ದಳು. ಆ್ಯಪ್ ತನಗೆ ತೋಚಿದ ರೇಷ್ಮೆ ಸೀರೆ ಹಾಕಿತ್ತು. ಟೋಪ ತೆನೆಯ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿ ತೆನೆ, ಹಣಿಗೆಯ ಚಿತ್ತಾರ ಬರಬೇಕಾದ ಜಾಗದಲ್ಲಿ ಬಂಗಾರದ ಮಾವಿನಕಾಯಿ ಇದ್ದವು. ನೋಡಿದವರಿಗೆ ಅವ್ವನ ಸೀರೆ ಅಂತ ಗೊತ್ತಾಗಬೇಕು ಅಂದವರೇ ಇದನ್ನು ಗಮನಿಸಿರಲಿಲ್ಲ.

ಮತ್ತೆ ಮೊದಲಿನಿಂದ

ಹದಿಮೂರು ದಿನ ಉಳಿದಿದ್ದವು. ಈ ಸಲ ಫೋಟೋ ನಾನೇ ತೆಗೆಸಿದೆ. ಟೀಚರ್ ಮೈಗೆ ಹೊಂದುವ ದಿನಬಳಕೆಯ ಕುರ್ತಾ ಹಾಕಿಕೊಂಡು ಬಂದರು. ಬಿಳಿ ಗೋಡೆಯ ಮುಂದೆ ನಿಲ್ಲಿಸಿ, ಕೈಗಳನ್ನು ಮೈಯಿಂದ ಸ್ವಲ್ಪ ದೂರ ಇಡಿಸಿ, ಮೊಬೈಲನ್ನು ಅವರ ಸೊಂಟದ ಮಟ್ಟಕ್ಕೆ ಹಿಡಿದು ಹತ್ತು ಅಡಿ ಹಿಂದೆ ಸರಿದು ಮಗಳು ತೆಗೆದಳು. ಮೊಬೈಲ್ ಮುಖದ ಮಟ್ಟಕ್ಕೆ ಹಿಡಿದು ಹತ್ತಿರದಿಂದ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ ಬರುತ್ತವೆ. ಕುರ್ತಾದ ಉದ್ದ ಎಲ್ಲಿಗೆ ನಿಲ್ಲಬೇಕು ಅನ್ನುವ ಪ್ರಶ್ನೆಗೆ ಆ ಫೋಟೋ ತಪ್ಪು ಉತ್ತರ ಕೊಡುತ್ತದೆ.

ಬಟ್ಟೆಯ ಫೋಟೋಗೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಮೊದಲ ಸಲ ಖಣವನ್ನು ಮಡಿಚಿ ಹತ್ತಿರದಿಂದ ತೆಗೆದು ಕೊಟ್ಟೆವು. ಚಿತ್ರದಲ್ಲಿ ಖಣದ ಬುಟ್ಟಾ ಅಂಗೈಯಷ್ಟು ದೊಡ್ಡವಾಗಿ ಬಂದವು, ಪರದೆ ಬಟ್ಟೆಯ ಹಾಗೆ. ನಿಜದಲ್ಲಿ ಒಂದು ಬುಟ್ಟಾಕ್ಕೂ ಇನ್ನೊಂದಕ್ಕೂ ಒಂದು ಇಂಚಿನ ದೂರ, ಅಂದರೆ ಭುಜದಿಂದ ಭುಜಕ್ಕೆ ಹದಿನೈದು ಬರಬೇಕು. ಚಿತ್ರದಲ್ಲಿ ಎಣಿಸಿದರೆ ಐದು. ಆಮೇಲೆ ಪಡಸಾಲೆಯ ನೆರಳಿನಲ್ಲಿ ಖಣವನ್ನು ಪೂರ್ತಿ ಪನ್ನ ಕಾಣುವಂತೆ ಹರಡಿ, ಮೇಲೆ ಟೇಪು ಇಟ್ಟು, ಎದ್ದು ನಿಂತು ತೆಗೆದೆವು. ಬುಟ್ಟಾ ಹನ್ನೆರಡು, ಹದಿಮೂರಕ್ಕೆ ಬಂದವು. ಅಷ್ಟು ಸಾಕು. ಸೀರೆಯನ್ನೂ ಹಾಗೇ, ಸವೆದ ದಡಿ ಮಡಿಚದೇ, ಇದ್ದದ್ದು ಇದ್ದ ಹಾಗೆ ಕಾಣಲಿ ಅಂತ.

ಇಷ್ಟರ ಮೇಲೆ ಮುಖ್ಯವಾದ ಒಂದು ನಿರ್ಧಾರ ಮಾಡಿದೆವು. ಆ್ಯಪ್ ಏನು ಕೊಡುತ್ತದೋ ನೋಡೋಣ ಅನ್ನುವುದು ಬಿಟ್ಟು, ಈ ಬಟ್ಟೆಯಲ್ಲಿ ಹೊಲಿಯಲು ಬರುವಂಥವನ್ನು ಮೊದಲು ಕಾಗದದ ಮೇಲೆ ಬರೆದುಕೊಂಡೆವು. ನಾಲ್ಕು ಬಂದವು.

ಒಂದು, ಸೀರೆಗೆ ಕತ್ತರಿಯೇ ಹಚ್ಚದೆ ಸೀರೆಯಾಗಿಯೇ ಉಟ್ಟು, ಖಣದ ಕುಪ್ಪಸ ಮಾತ್ರ ಹೊಲಿಯುವುದು. ಟೀಚರ್ ಬೇಡ ಅಂದಿದ್ದರೂ ನಾನು ಹಟ ಮಾಡಿ ಸೇರಿಸಿದೆ. ಕತ್ತರಿಸುವುದಕ್ಕಿಂತ ಕತ್ತರಿಸದೇ ಇರುವುದು ಚಂದ ಇದ್ದರೆ ಅದು ಹೋಲಿಕೆಯಲ್ಲಿ ಕಾಣಬೇಕಲ್ಲ.

ಎರಡು, ಮೊಣಕಾಲ ಕೆಳಗೆ ಇಳಿಯುವ 44 ಇಂಚಿನ ಕುರ್ತಾ, ಕೆಳತುದಿಗೆ ಅಡ್ಡ ದಡಿ. ಇದಕ್ಕೆ ಲೆಕ್ಕ ಕೂಡಿರಲಿಲ್ಲ. ಸವೆದ ದಡಿ ತೆಗೆದರೆ ಪನ್ನದಲ್ಲಿ 42 ಸಿಗುತ್ತದೆ, ಬೇಕಾದದ್ದು 44, ಮೇಲೆ ಭುಜದ ಹೊಲಿಗೆಯ ಮಾರ್ಜಿನ್. ಮೇಲ್ಗಡೆ 7 ಇಂಚಿನ ಖಣದ ತುಂಡು, ಅಂದರೆ ಯೋಕ್, ಕೊಟ್ಟರೆ ಸೀರೆಯಿಂದ ಬೇಕಾದದ್ದು 37, ಹೊಲಿಗೆಗೆ ಒಂದು ಸೇರಿಸಿದರೆ 38. ಆಯಿತು. ಐದನೇ ಚಿತ್ರದಲ್ಲಿ ಖಣ ಎದೆಯ ಮೇಲೆ ಸೊಗಸಿಗೆ ಬಂದಿತ್ತು. ಇಲ್ಲಿ ಅದು ಲೆಕ್ಕಕ್ಕೆ ಬಂತು.

ಮೂರು, ಸೀರೆಯ ಉದ್ದಕ್ಕೇ ಕತ್ತರಿಸಿ ಎರಡು ದಡಿಗಳನ್ನು ಎದುರು ನಡುವೆ ಮೇಲಿಂದ ಕೆಳಗೆ ಇಳಿಸುವುದು. ನಾಲ್ಕು, ಟೀಚರಿಗೆ ಇಷ್ಟವಾದ ಅದೇ ಗೌನು, ಆದರೆ 54 ಇಂಚು ಉದ್ದ ಒಂದೇ ತುಂಡಿನಲ್ಲಿ ಬರುವುದಿಲ್ಲ, ಸೊಂಟದಲ್ಲಿ ಜೋಡು ಹೊಲಿಗೆ, ಅದರ ಕೆಳಗೆ ನೆರಿಗೆ.

ಎರಡನೆಯದಕ್ಕೆ ಮಗಳು ಬರೆದದ್ದು ಹೀಗಿತ್ತು.

```
ಮೊದಲ ಫೋಟೋದಲ್ಲಿ ಬಟ್ಟೆ ಮಾತ್ರ ಬದಲಿಸು. ಮುಖ, ಮೈಕಟ್ಟು, ಮೈಬಣ್ಣ,
ನಿಂತ ರೀತಿ, ಗೋಡೆ, ಬೆಳಕು ಇದ್ದ ಹಾಗೇ ಇರಲಿ.
ಭುಜದಿಂದ ಕಂಕುಳ ಸ್ವಲ್ಪ ಮೇಲಿನವರೆಗೆ ಎರಡನೇ ಫೋಟೋದ ಬಟ್ಟೆ.
ಅದರ ಕೆಳಗೆ ಮೂರನೇ ಫೋಟೋದ ಬಟ್ಟೆ.
ಕುರ್ತಾ ಪಾದದಿಂದ ಒಂದು ಗೇಣು ಮೇಲೆ ನಿಲ್ಲಲಿ, ದಡಿ ಕೆಳತುದಿಯಲ್ಲಿ ಅಡ್ಡ ಇರಲಿ.
```

ಮೊದಲು ‘7 ಇಂಚು’ ಅಂತ ಬರೆದಿದ್ದಳು. ಯೋಕ್ ಎದೆಯ ಕೆಳಗೆ ಇಳಿದು ಬಂತು. ಚಿತ್ರಕ್ಕೆ ಇಂಚು ತಿಳಿಯುವುದಿಲ್ಲ, ಕಂಕುಳು, ಮೊಣಕಾಲು, ಪಾದ ತಿಳಿಯುತ್ತವೆ. ಮೈಯ ಗುರುತುಗಳಲ್ಲಿ ಹೇಳಿದ ಮೇಲೆ ಜಾಗಕ್ಕೆ ಬಂತು. ಬ್ರಷ್‌ನಿಂದ ಬಟ್ಟೆಯ ಭಾಗಕ್ಕೆ ಮಾತ್ರ ಬಣ್ಣ ಬಳಿದು, ಅಲ್ಲಿ ಮಾತ್ರ ಬದಲಾಯಿಸು ಅನ್ನುವ ಸೌಲಭ್ಯವೂ ಆ ಆ್ಯಪ್‌ನಲ್ಲಿತ್ತು, ಅದನ್ನೂ ಬಳಸಿದಳು. ನಾಲ್ಕಕ್ಕೂ ಪ್ರತಿ ಸಲ ಅದೇ ಮೂಲ ಫೋಟೋದಿಂದಲೇ ಶುರು ಮಾಡಬೇಕು, ಒಂದೊಂದಕ್ಕೆ ಮೂರು ಮೂರು ತೆಗೆಯಬೇಕು ಅಂತ ಮಾತಾಯಿತು. ಹನ್ನೆರಡು ಬಂದವು. ಕಾಗದದ ಪಟ್ಟಿ ಇಟ್ಟು ಅಳೆದೆವು, ಐದು ಬಿದ್ದುಹೋದವು. ಉಳಿದ ಏಳರಲ್ಲಿ ಒಂದೊಂದು ವಿನ್ಯಾಸಕ್ಕೆ ಒಂದೊಂದನ್ನು ಇಟ್ಟುಕೊಂಡೆವು.

ಕುತ್ತಿಗೆಯ ಮೇಲೆ ಮಡಿಚಿದ ಹಾಳೆ

ನಾಲ್ಕನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ತೆಗೆಸಿ ನೆಲದ ಮೇಲೆ ಸಾಲಾಗಿ ಇಟ್ಟೆವು. ಟೀಚರ್, ಮಗಳು, ಟೀಚರ ಅತ್ತೆ, ನಾನು ಸುತ್ತ ಕೂತೆವು. ಹತ್ತು ನಿಮಿಷ ಮಾತಾಡಿದ್ದು ಬರೀ ಮುಖದ ಬಗ್ಗೆ. ‘ಮೂರನೆಯದರಲ್ಲಿ ನಗು ಚಂದ ಬಂದದ, ಒಂದನೆಯದರಲ್ಲಿ ಸಿಟ್ಟು ಬಂದಂಗ ಕಾಣ್ತೀನಿ’ ಅಂದರು ಟೀಚರ್. ಮುಖ ನಾಲ್ಕರಲ್ಲೂ ಒಂದೇ, ಆದರೂ ಸಣ್ಣ ಸಣ್ಣ ವ್ಯತ್ಯಾಸ ಇದ್ದವು, ಕಣ್ಣು ಅಲ್ಲಿಗೇ ಓಡುತ್ತಿತ್ತು. ನಾನು ನಾಲ್ಕೂ ಹಾಳೆಯನ್ನು ಕುತ್ತಿಗೆಯ ಮಟ್ಟಕ್ಕೆ ಹಿಂದಕ್ಕೆ ಮಡಿಚಿಬಿಟ್ಟೆ.

ಮಾತು ತಟ್ಟನೆ ಬದಲಾಯಿತು. ಟೀಚರ್ ನಾಲ್ಕನೆಯದನ್ನು, ತಮ್ಮ ಇಷ್ಟದ ಗೌನನ್ನು, ಅರ್ಧ ನಿಮಿಷವೂ ನೋಡದೆ ಪಕ್ಕಕ್ಕೆ ಸರಿಸಿದರು. ‘ನಡುವಿನಾಗ ಗಂಟು ಕಟ್ಟಿದ ಚೀಲದಂಗ ಕಾಣ್ತದರಿ.’ ಅವರ ನಿಜವಾದ 39 ಇಂಚಿನ ಸೊಂಟದ ಮೇಲೆ ನಿಜವಾಗಿ ಹಾಕಬೇಕಾದ ನೆರಿಗೆ ಬಂದಾಗ ಆ ಗೌನು ಹಾಗೆಯೇ ಕಾಣುತ್ತಿತ್ತು. ನಾಲ್ಕು ದಿನ ಹಿಂದೆ ಇದನ್ನು ನಾನು ಬಾಯಿಂದ ಹೇಳಿದ್ದರೆ ನಂಬುತ್ತಿರಲಿಲ್ಲ, ಟೇಲರಿಗೆ ಹೊಲಿಯಲು ಬೇಸರ ಅಂದುಕೊಳ್ಳುತ್ತಿದ್ದರು.

ಮಡಿಚಿದ ಹಾಳೆಯಿಂದ ಇನ್ನೊಂದು ಅನುಕೂಲವಾಯಿತು. ಟೀಚರಿಗೆ ತಮ್ಮ ಮುಖದ ಚಿತ್ರಗಳು ಕಂಡವರ ಮೊಬೈಲ್‌ನಲ್ಲಿ ಓಡಾಡುವುದು ಬೇಡವಾಗಿತ್ತು, ಹೇಳಲು ಸಂಕೋಚ ಪಟ್ಟಿದ್ದರು. ಅಂದಿನಿಂದ ನನಗೆ ಬಂದದ್ದೆಲ್ಲ ಕುತ್ತಿಗೆಯಿಂದ ಕೆಳಗಿನದು ಮಾತ್ರ. ಹೊಲಿಯಲು ಅದಕ್ಕಿಂತ ಮೇಲಿನದು ನನಗೆ ಬೇಕಾಗಿಯೂ ಇಲ್ಲ.

ಉಳಿದ ಮೂರರಲ್ಲಿ ಮಗಳಿಗೆ ಮೂರನೆಯದು, ನಡುವೆ ದಡಿ ಇಳಿದದ್ದು. ಅದು ಟೀಚರನ್ನು ಉದ್ದ ಕಾಣಿಸುತ್ತಿತ್ತು, ನಿಜ. ಟೀಚರಿಗೆ ಎರಡನೆಯದು. ಅತ್ತೆಗೆ ಒಂದನೆಯದು, ಅವರು ಚಿತ್ರ ನೋಡಿಯೇ ಇರಲಿಲ್ಲ. ಸೀರೆಯ ಗಂಟನ್ನೇ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ‘ಕತ್ರಿ ಒಮ್ಮಿ ಹಚ್ಚಿದ್ರ ಆಯ್ತು. ಮತ್ತ ಕೂಡ್ತದೇನು? ನಿಮ್ಮವ್ವ ಉಟ್ಟ ಸೀರಿ ಅದ.’

ಈ ಪ್ರಕರಣ ತಿರುಗಿದ್ದು ಇಲ್ಲಿ. ಅಷ್ಟು ಹೊತ್ತು ಯಾವುದು ಚಂದ ಅಂತ ಹೋಲಿಸುತ್ತಿದ್ದವರು ಯಾವುದಕ್ಕೆ ಸೀರೆ ಎಷ್ಟು ಹೋಗುತ್ತದೆ ಅಂತ ಹೋಲಿಸಲು ಶುರು ಮಾಡಿದೆವು. ಚಿತ್ರದ ಹಾಳೆಯ ಕೆಳಗೆ ನಾನು ಲೆಕ್ಕ ಬರೆದೆ. ಮೂರನೆಯದಕ್ಕೆ ಎದುರಿನ ಎರಡು ಭಾಗಗಳಿಗೂ ಹೊಳೆಯುವ ಮೇಲಿನ ದಡಿಯೇ ಬೇಕು. ಒಂದನ್ನು ನೇರ, ಇನ್ನೊಂದನ್ನು ತಿರುಗಿಸಿ ಇಟ್ಟು ಕತ್ತರಿಸಬೇಕು, 46 ಮತ್ತು 46, 92 ಇಂಚು. ಬೆನ್ನಿನ ಭಾಗ ಉಳಿದ ಅಗಲದಲ್ಲಿ ಕೂರುವುದಿಲ್ಲ, ಅದಕ್ಕೆ ಇನ್ನೊಂದು 46. ಒಟ್ಟು 138. ಸೀರೆಯ ಒಡಲು ಇರುವುದೇ 180. ಎರಡನೆಯದಕ್ಕೆ ಅಡ್ಡ ಹಿಡಿದು ಕತ್ತರಿಸುವುದರಿಂದ ಎದುರಿಗೆ 32, ಬೆನ್ನಿಗೆ 32, ಒಟ್ಟು 64. ತೋಳು ಖಣದ್ದು. ಸೆರಗು ಸೇರಿ 152 ಇಂಚು, ಮೂರೂ ಮುಕ್ಕಾಲು ಮೀಟರಿಗೂ ಹೆಚ್ಚು, ಒಂದೇ ತುಂಡಾಗಿ ಉಳಿಯುತ್ತದೆ.

ಅತ್ತೆ ಸೆರಗನ್ನು ಬಿಚ್ಚಿಸಿ ಎಲ್ಲಿಯವರೆಗೆ ಉಳಿಯುತ್ತದೆ ಅಂತ ನನ್ನ ಕೈಯಲ್ಲಿ ಸುಣ್ಣದ ಗೆರೆ ಹಾಕಿಸಿದರು. ಆಮೇಲೆ ಏನೂ ಅನ್ನಲಿಲ್ಲ. ಎರಡನೆಯದು ಅಂತ ತೀರ್ಮಾನವಾಯಿತು.

ಚಿತ್ರದ ಆಚೆಗಿನದು

ಚಿತ್ರಕ್ಕೆ ಹೇಳಲು ಬಾರದ ಮೂರು ಸಂಗತಿ ಉಳಿದಿದ್ದವು.

ಒಂದು ಜೋಕಾಲಿ. ಚಿತ್ರದಲ್ಲಿ ಟೀಚರ್ ಸುಮ್ಮನೆ ನಿಂತಿದ್ದಾರೆ. ಹಗ್ಗ ಹಿಡಿದು ಕೈ ಮೇಲೆತ್ತಿದರೆ ತೋಳು ಕೂಡುವ ಮುಂಡಾ ಹಿಡಿಯುತ್ತದೆಯೇ, ಮೊಣಕಾಲು ಬಗ್ಗಿಸಿ ಜೀಕಿದರೆ ಕೆಳಸುತ್ತಿನ ಘೇರು ಸಾಲುತ್ತದೆಯೇ ಅನ್ನುವುದು ಅದರಲ್ಲಿಲ್ಲ. ಮಗಳು ಕೈ ಎತ್ತಿದ ಚಿತ್ರವನ್ನೂ ತೆಗೆದು ತೋರಿಸಿದಳು, ಅದರಲ್ಲಿ ಬಟ್ಟೆ ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಕತ್ತರಿಸಿದ ರೀತಿ ಅದಕ್ಕೆ ಗೊತ್ತಿಲ್ಲದ ಮೇಲೆ ಎಳೆತ ಎಲ್ಲಿಂದ ಗೊತ್ತಾಗಬೇಕು? ಸೈಡ್ ಕಟ್ ಕೊಟ್ಟರೆ ಕೆಳಗಿನ ದಡಿ ತುಂಡಾಗುತ್ತದೆ. ಹಳೆಯ ಒಂದು ಕಾಟನ್ ಸೀರೆಯನ್ನು ಹಾಗೇ ಅಡ್ಡ ಕತ್ತರಿಸಿ, ಕೆಳಗೆ ಸುತ್ತಳತೆ 68 ಇಂಚು ಬರುವಂತೆ ಕಚ್ಚಾ ಹೊಲಿಗೆ ಹಾಕಿ ಟೀಚರಿಗೆ ತೊಡಿಸಿದೆ. ಬಾಗಿಲ ಚೌಕಟ್ಟು ಹಿಡಿದು ಜೀಕಿ ತೋರಿಸಿದರು. ಕೈ ಸರಾಗವಾಗಿ ಮೇಲೇಳಲಿಲ್ಲ, ಕಂಕುಳಲ್ಲಿ ಪುಟ್ಟ ಚೌಕದ ತುಂಡು ಸೇರಿಸಬೇಕಾಯಿತು. ಘೇರು ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿತ್ತು. ಅಡ್ಡ ಕತ್ತರಿಸಿದ ಬಟ್ಟೆ ನೇರ ಕತ್ತರಿಸಿದ್ದರ ಹಾಗೆ ಮೈಗೆ ಇಳಿಯುವುದಿಲ್ಲ, ಸ್ವಲ್ಪ ಬಿರುಸಾಗಿ ಹೊರಗೆ ನಿಲ್ಲುತ್ತದೆ. ಚಿತ್ರದಲ್ಲಿ ಅದು ನೀರಿನ ಹಾಗೆ ಇಳಿದಿತ್ತು. 60ಕ್ಕೆ ಇಳಿಸಿದೆ. ಸೈಡ್ ಕಟ್ ಇಲ್ಲದೆ ಜೀಕಲು ಅಷ್ಟು ಸಾಕಾಯಿತು. ಮೇಲೆ ಬರೆದ 32 ಇಂಚಿನ ಲೆಕ್ಕ ಈ 60ರದ್ದು, ಹೊಲಿಗೆ ಸೇರಿ. ಆ ಹೊತ್ತಿಗೆ ಮನಸ್ಸಿನಲ್ಲಿ ಅಂದಾಜು ಇತ್ತು, ಇಲ್ಲಿ ಗಟ್ಟಿಯಾಯಿತು.

ಎರಡನೆಯದು ಬಣ್ಣ. ಎರಡು ಬಣ್ಣದ ನೂಲಿನ ಒಡಲನ್ನು ಚಿತ್ರ ಒಂದೇ ಕಡುಹಸಿರಾಗಿ ತೋರಿಸಿತ್ತು. ಮುಖಕ್ಕೆ ಯಾವ ಬಣ್ಣ ಹೊಂದುತ್ತದೆ ಅನ್ನುವುದನ್ನು ಚಿತ್ರದಿಂದ ತೀರ್ಮಾನಿಸುವುದು ಬಿಟ್ಟು, ಬೆಳಗಿನ ಹೊತ್ತು ಕಿಟಕಿಯ ಹತ್ತಿರ ಕನ್ನಡಿ ಇಟ್ಟು ಖಣವನ್ನೂ ಸೀರೆಯನ್ನೂ ಟೀಚರ ಗದ್ದದ ಕೆಳಗೆ ಹಿಡಿದು ನೋಡಿದೆವು. ಅಡ್ಡ ಹಿಡಿದಾಗ ಸೀರೆ ನೀಲಿಯ ಕಡೆಗೆ ವಾಲಿತು. ಹಸಿರು ಖಣದ ಪಕ್ಕ ನೀಲಿ ಬಂದದ್ದು ಚಿತ್ರದಲ್ಲಿದ್ದುದಕ್ಕಿಂತ ಚಂದವೇ ಇತ್ತು. ಅದು ನಮ್ಮ ಅದೃಷ್ಟ, ಜಾಣತನ ಅಲ್ಲ.

ಸೆರಗನ್ನು ದುಪಟ್ಟಾ ಮಾಡುವ ಆಸೆ ಟೀಚರಿಗೆ ಇನ್ನೂ ಸ್ವಲ್ಪ ಇತ್ತು. ಸೆರಗಿನ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಒತ್ತಿದೆ. ಕೆಂಪು ಇಳಿಯಿತು. ಶ್ರಾವಣದ ಮಳೆಯಲ್ಲಿ ತೊಯ್ದರೆ ಕುರ್ತಾದ ಮೇಲೆಲ್ಲ ಕೆಂಪು ಮೂಡುತ್ತದೆ. ದುಪಟ್ಟಾ ಕೈಬಿಟ್ಟರು, ಸೆರಗು ಗಂಟಿಗೆ ವಾಪಸ್ ಹೋಯಿತು.

ಮೂರನೆಯದರಲ್ಲಿ ನಾನೇ ಎಡವಿದೆ. ಚಿತ್ರಗಳ ಸುತ್ತ ದಿನಗಳು ಹೋಗಿದ್ದವು, ಕತ್ತರಿ ಹಿಡಿಯುವ ಹೊತ್ತಿಗೆ ಐದೇ ದಿನ ಉಳಿದಿದ್ದವು. ಹೊಸ ಖಣವನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಹೊರಗೆ ಮೂರು ದಿನದಿಂದ ಜಿಟಿಜಿಟಿ, ಒಣಗುವುದಿಲ್ಲ ಅಂತ ಬಿಟ್ಟುಬಿಟ್ಟೆ. ನೂರು ಸಲ ಒಗೆದ ಹಳೆಯ ಸೀರೆಯನ್ನು ಒಮ್ಮೆಯೂ ನೀರು ಕಾಣದ ಖಣಕ್ಕೆ ಜೋಡಿಸಿದೆ. ಹೊಲಿದ ದಿನ ಕುರ್ತಾ ಸರಿಯಾಗಿಯೇ ಕೂತಿತ್ತು.

ಹಬ್ಬದ ನಂತರ

ಪಂಚಮಿಯ ಮರುದಿನ ಟೀಚರ್ ಒಂದು ಫೋಟೋ ಕಳಿಸಿದರು, ಕುತ್ತಿಗೆಯಿಂದ ಕೆಳಗಿನದು, ರೂಢಿಯಾಗಿಬಿಟ್ಟಿತ್ತು. ಜೋಕಾಲಿಯ ಮಣೆಯ ಮೇಲೆ ನಿಂತಿದ್ದಾರೆ, ದಡಿ ಒಂದೇ ಗೆರೆಯಾಗಿ ಸುತ್ತ ಓಡಿದೆ. ಪ್ರಿಂಟ್ ತೆಗೆದಿದ್ದ ಎರಡನೇ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಯೋಕಿನ ಜಾಗ, ಕುರ್ತಾ ನಿಂತ ಉದ್ದ, ದಡಿಯ ಅಗಲ ಮೈಗೆ ಹೊಂದಿದ ರೀತಿ, ಮೂರೂ ಚಿತ್ರದಲ್ಲಿದ್ದ ಹಾಗೇ ಬಂದಿದ್ದವು. ಘೇರು, ಬಣ್ಣ, ತೋಳಿನ ಸುಕ್ಕು ಮೂರೂ ಬೇರೆ. ಅಣ್ಣನ ಮನೆಯಲ್ಲಿ ಅತ್ತಿಗೆ ಬಾಗಿಲಲ್ಲೇ, ‘ಇದು ಅತ್ತಿಯವರ ಸೀರಿ ಅಲ್ಲೇನು?’ ಅಂದರಂತೆ. ಗುರುತು ಹಿಡಿದದ್ದು ದಡಿಯಿಂದ.

ಮೂರು ವಾರದ ಮೇಲೆ ಕುರ್ತಾ ತೆಗೆದುಕೊಂಡು ಬಂದರು. ಮೊದಲ ಒಗೆತಕ್ಕೆ ಖಣ ಕುಗ್ಗಿ, ಯೋಕಿನ ಹೊಲಿಗೆಯ ಕೆಳಗೆ ಸೀರೆಯ ಬಟ್ಟೆ ಸಣ್ಣ ಸಣ್ಣ ಗುಳಿ ಬಿದ್ದಿತ್ತು, ಎಡದಿಂದ ಬಲಕ್ಕೆ ಕಾಲು ಇಂಚಿನಷ್ಟು ಎಳೆತ. ಕೂಲಿ ತೆಗೆದುಕೊಳ್ಳದೆ ಯೋಕಿನ ಹೊಲಿಗೆ ಬಿಚ್ಚಿದೆ. ಖಣದ ಮಾರ್ಜಿನ್ನಿನಿಂದ ಒಂದು ನೂಲು ಬಿಟ್ಟುಕೊಟ್ಟು, ಸೀರೆಯ ಕಡೆಯ ಹೆಚ್ಚುವರಿಯನ್ನು ಎರಡೂ ಕಂಕುಳಿನ ಕಡೆಗೆ ಸರಿಸಿ ಮತ್ತೆ ಹೊಲಿದೆ. ಸೀರೆಯ ಕಡೆ ನಾಲ್ಕು ಇಂಚಿನಷ್ಟು ಉಳಿಸಿಕೊಂಡಿದ್ದೆನಲ್ಲ, 42ರಲ್ಲಿ 38 ಬಳಸಿದ ಮೇಲಿನದು, ಅದನ್ನು ಕತ್ತರಿಸದೆ ಒಳಗೆ ಮಡಿಚಿ ಬಿಟ್ಟದ್ದು ಈಗ ಕೆಲಸಕ್ಕೆ ಬಂತು.

ಮಗಳು ಆ ಪ್ರಿಂಟುಗಳನ್ನು ಕೇಳಿದಳು, ಕೊಟ್ಟೆ. ಕಾಗದದ ಪಟ್ಟಿ ನನ್ನ ಹತ್ತಿರವೇ ಇದೆ, ಟೇಪಿನ ಡಬ್ಬಿಯಲ್ಲಿ. ದೀಪಾವಳಿಗೆ ಒಬ್ಬ ಹುಡುಗಿ ಮೊಬೈಲ್ ತೋರಿಸಿ ಲೆಹೆಂಗಾ ಹೊಲಿಯಿರಿ ಅಂದಾಗ ಮೊದಲು ತೆಗೆದದ್ದು ಅದನ್ನೇ. ಒಂಬತ್ತು ತಲೆ ಇತ್ತು.